ಗಂಟೆ ಲೆಕ್ಕದಿಂದ ತಿಂಗಳ ಫಿಕ್ಸ್ ಫೀಗೆ: ಅಕೌಂಟ್ಸ್ ಕೆಲಸದವರ ಅನುಭವ ಬೇಕು

ಶಿವಮೊಗ್ಗದಿಂದ (ಕೇಳಿದವರು): ಸ್ವತಂತ್ರವಾಗಿ ಅಕೌಂಟ್ಸ್ ನೋಡ್ಕೊಳ್ತೀನಿ, ಒಂಬತ್ತು ಕ್ಲೈಂಟ್ ಇದ್ದಾರೆ, ಗಂಟೆಗೆ ₹400. ಬ್ಯಾಂಕ್ ಸ್ಟೇಟ್‌ಮೆಂಟನ್ನ ಎಕ್ಸೆಲ್‌ನಿಂದ ಟ್ಯಾಲಿಗೆ ಎಳೆಯೋದು ಕಲಿತ ಮೇಲೆ ಕೆಲಸ ಬೇಗ ಮುಗಿಯುತ್ತೆ, ಬಿಲ್ಲೂ ಇಳಿಯುತ್ತೆ. ಜಾಸ್ತಿ ಆದ ತಿಂಗಳು ಮಾತ್ರ "ಯಾಕೆ ಇಷ್ಟು ಗಂಟೆ?" ಅಂತ ಫೋನ್ ಬರುತ್ತೆ. ತಿಂಗಳಿಗೆ ಫಿಕ್ಸ್ ಮಾಡ್ಬೇಕು ಅಂತಿದ್ದೀನಿ. ಒಂದು ಹಾರ್ಡ್‌ವೇರ್ ಅಂಗಡಿಯ ಗಂಟೆಗಳು ಹೀಗಿವೆ: ಏಪ್ರಿಲ್ 20, ಮೇ 17, ಜೂನ್ 12, ಜುಲೈ 17, ಆಗಸ್ಟ್ 12, ಸೆಪ್ಟೆಂಬರ್ 15. ಎಷ್ಟು ಹೇಳಲಿ, ಹೇಗೆ ಹೇಳಲಿ?

ತುಮಕೂರಿನಿಂದ: ಇದಕ್ಕೆ ತಲೆ ಕೆಡಿಸ್ಕೋಬೇಡಿ. ಆರು ತಿಂಗಳ ಒಟ್ಟು 93 ಗಂಟೆ, ಸರಾಸರಿ ಹದಿನೈದೂವರೆ, ಅಂದ್ರೆ ₹6,200. ಮೇಲೆ 20 ಪರ್ಸೆಂಟ್ ಸೇರಿಸಿ ₹7,440 ಹೇಳಿ. ಟಿಡಿಎಸ್, ನೋಟಿಸ್, ವರ್ಷದ ಕೊನೆ ಕೆಲಸ ಎಲ್ಲಾ ಅದರಲ್ಲೇ ಸೇರಿಸಿಬಿಡಿ. "ಒಂದೇ ಫೀ, ಎಲ್ಲಾ ನಮ್ಮದು" ಅಂದ್ರೆ ಅಂಗಡಿಯವರಿಗೆ ಖುಷಿ.

ದಾವಣಗೆರೆಯಿಂದ: ಒಂದೇ ಮೊತ್ತ ಹೇಳೋದು ಸರಿ, ಸರಾಸರಿಯಿಂದ ಆ ಮೊತ್ತ ತೆಗೆಯೋದು ತಪ್ಪು. ಸರಾಸರಿ ಒಳಗೆ ಪ್ರತಿ ತಿಂಗಳು ಬರುವ ಕೆಲಸ, ಮೂರು ತಿಂಗಳಿಗೊಮ್ಮೆ ಬರುವ ಕೆಲಸ, ಹೇಳದೆ ಬರುವ ಕೆಲಸ ಮೂರೂ ಕಲಸಿಹೋಗಿವೆ. ನೋಟಿಸ್ ಸೇರಿಸಿಬಿಟ್ಟರೆ ನಾಳೆ ಮೂರು ವರ್ಷದ ಹಳೇ ಐಟಿಸಿ ವ್ಯತ್ಯಾಸಕ್ಕೆ ನೋಟಿಸ್ ಬಂದಾಗ 25 ಗಂಟೆ ಪುಕ್ಕಟೆ ಕೂರಬೇಕಾಗುತ್ತೆ. ಶಿವಮೊಗ್ಗದವರೇ, ಏಪ್ರಿಲ್, ಮೇ, ಜುಲೈ, ಸೆಪ್ಟೆಂಬರ್‌ನಲ್ಲಿ ಏನು ಹೆಚ್ಚಿತ್ತು ಅಂತ ನಿಮ್ಮ ಟೈಮ್ ಶೀಟ್ ನೋಡಿ ಹೇಳ್ತೀರಾ?

ಶಿವಮೊಗ್ಗದಿಂದ: ನೋಡಿದೆ. ಏಪ್ರಿಲ್‌ನಲ್ಲಿ 7 ಗಂಟೆ ಹಿಂದಿನ ವರ್ಷದ ಕ್ಲೋಸಿಂಗ್, ಸ್ಟಾಕ್ ಮತ್ತು ಸಾಲದ ಲೆಡ್ಜರ್ ತಾಳೆ. ಮೇ, ಜುಲೈನಲ್ಲಿ ತಲಾ 4 ಗಂಟೆ ಟಿಡಿಎಸ್ ರಿಟರ್ನ್. ಸೆಪ್ಟೆಂಬರ್‌ನಲ್ಲಿ 2 ಗಂಟೆ ಒಂದು ಜಿಎಸ್‌ಟಿ ನೋಟಿಸ್‌ಗೆ ಉತ್ತರ.

ದಾವಣಗೆರೆಯಿಂದ: ಈಗ ಅವನ್ನು ಕಳೆದು ನೋಡಿ. 13, 13, 12, 13, 12, 13. ಏರಿಳಿತ ಎಲ್ಲಿದೆ? ಎಂಟ್ರಿ, ಬ್ಯಾಂಕ್ ತಾಳೆ, ಜಿಎಸ್‌ಟಿಆರ್-1, 2ಬಿ ಹೊಂದಾಣಿಕೆ, 3ಬಿ, ಇಷ್ಟು ಕೆಲಸ ಪ್ರತಿ ತಿಂಗಳೂ ಹೆಚ್ಚುಕಡಿಮೆ ಒಂದೇ. ಫಿಕ್ಸ್ ಮಾಡಬೇಕಾದ್ದು ಇದನ್ನೇ.

13 ಗಂಟೆಗೆ ₹5,200. ಟಿಡಿಎಸ್ ರಿಟರ್ನ್ ವರ್ಷಕ್ಕೆ ನಾಲ್ಕು, ಅಂದ್ರೆ 16 ಗಂಟೆ, ₹6,400. ಇದು ಬರೋದು ಖಚಿತ, ಹಾಗಾಗಿ ಹನ್ನೆರಡಕ್ಕೆ ಹಂಚಿ, ತಿಂಗಳಿಗೆ ₹533. ಒಟ್ಟು ₹5,733. ಇನ್ನು ಫೋನ್, ವಾಟ್ಸಾಪ್. ಗಂಟೆ ಲೆಕ್ಕದಲ್ಲಿ "ಸಾರ್, ಆ ಪಾರ್ಟಿ ಬಾಕಿ ಎಷ್ಟು?" ಅನ್ನೋ ಐದು ನಿಮಿಷವನ್ನ ಯಾರೂ ಬರೆಯಲ್ಲ. ಫಿಕ್ಸ್ ಆದ ಮೇಲೆ ಅದು ಹೆಚ್ಚುತ್ತೆ, ಯಾಕಂದ್ರೆ ಕೇಳಿದರೆ ಮೀಟರ್ ಓಡುತ್ತೆ ಅನ್ನೋ ಭಯ ಹೋಗಿರುತ್ತೆ. ಅದಕ್ಕೆ 2 ಗಂಟೆ, ₹800. ಈಗ ₹6,533. ಸ್ವಲ್ಪ ಹೆಚ್ಚುಕಡಿಮೆ ಆದರೂ ನಡೆಯಲಿ ಅಂತ ಸೇರಿಸಿ ₹7,000.

ವರ್ಷದ ಕ್ಲೋಸಿಂಗ್ ಬೇರೆ ಬಿಲ್, ಏಪ್ರಿಲ್-ಮೇನಲ್ಲಿ ಒಂದು ಸಲ. ಅವರ ವಹಿವಾಟು 2 ಕೋಟಿ ದಾಟಿದ್ದರೆ ಜಿಎಸ್‌ಟಿಆರ್-9ಕ್ಕೂ ಬೇರೆ ಬಿಲ್. ನೋಟಿಸ್, ಬ್ಯಾಂಕ್ ಸಾಲಕ್ಕೆ ಪ್ರೊಜೆಕ್ಷನ್, ಹೊಸ ನೋಂದಣಿ ಇವು ಪ್ರತಿಯೊಂದಕ್ಕೂ ಮೊದಲೇ ಮೊತ್ತ ಹೇಳಿ, ಒಪ್ಪಿಗೆ ವಾಟ್ಸಾಪ್‌ನಲ್ಲಿ ಬಂದ ಮೇಲೆ ಶುರು.

ಮೈಸೂರಿನಿಂದ: ನಾನು ಮೊದಲಿನಿಂದಲೂ ಫಿಕ್ಸೇ. ಸಂಬಳದವರ ಐಟಿಆರ್‌ಗೆ ₹1,000, ಶೇರು ಮಾರಾಟ ಇದ್ದರೆ ₹2,500. ಯಾರೂ ಚೌಕಾಸಿ ಮಾಡಲ್ಲ. ಬೋರ್ಡ್ ಹಾಕಿಬಿಡಿ.

ಶಿವಮೊಗ್ಗದಿಂದ: ಸಾರ್, ಅದು ವರ್ಷಕ್ಕೊಂದು ಸಲದ ಕೆಲಸ. ನನ್ನದು ತಿಂಗಳ ಪುಸ್ತಕ, ಅಂಗಡಿ ಬೆಳೆದಂತೆ ಕೆಲಸವೂ ಬೆಳೆಯುತ್ತೆ. ಬೋರ್ಡ್ ದರ ಆಗಲ್ಲ.

ಹುಬ್ಬಳ್ಳಿಯಿಂದ: ದಾವಣಗೆರೆಯವರ ಲೆಕ್ಕ ಕಾಗದದ ಮ್ಯಾಲೆ ಚಲೋ ಐತ್ರಿ, ಆದ್ರ ಕ್ಲೈಂಟ್ ಕಡೆಯಿಂದ ನೋಡ್ರಿ. ಈಗ ಸರಾಸರಿ ₹6,200 ಕೊಡ್ತಾರ. ನೀವು ₹7,000 ಅಂತೀರಿ, ಮ್ಯಾಲೆ ಕ್ಲೋಸಿಂಗ್ ಬ್ಯಾರೆ ಅಂತೀರಿ. ವರ್ಷಕ್ಕ ₹74,400 ಇದ್ದದ್ದು ಬರೀ ತಿಂಗಳ ಫೀನ ₹84,000 ಆತು. ಹಳೇ ಗಿರಾಕಿ ಸುಮ್ಮನಿರ್ತಾರೇನ್ರಿ? ಫೋನಿನ ₹800 ಬಿಡ್ರಿ. ₹5,733ಕ್ಕ ಹತ್ತು ಪರ್ಸೆಂಟ್ ಹಾಕಿ ₹6,300 ಹೇಳ್ರಿ. ಅವರಿಗೆ ಹೆಚ್ಚು ಕಡಿಮಿ ಅಷ್ಟ ಅನಸ್ತದ. ಫೋನಿಗೆ ಶನಿವಾರ ಮಧ್ಯಾಹ್ನ ಒಂದ್ ತಾಸು ಅಂತ ಇಟ್ಟುಬಿಡ್ರಿ. ಹೊಸಬರಿಗೆ ₹7,000.

ಇನ್ನೊಂದು ಮಾತು. ಕಾಗದ ಯಾವಾಗ ಬರ್ತಾವು ಅನ್ನೂದು ಬರಿಯದ ಫೀ ಬರಿಯಬ್ಯಾಡ್ರಿ. 11ನೇ ತಾರೀಖಿಗೆ ಜಿಎಸ್‌ಟಿಆರ್-1 ಹೋಗಬೇಕು, 14ಕ್ಕ 2ಬಿ ಬರ್ತದ, 20ಕ್ಕ 3ಬಿ. 5ನೇ ತಾರೀಖಿನೊಳಗ ಎಲ್ಲಾ ಬಿಲ್ ಬರಬೇಕು. ತಡ ಆದ್ರ ದಂಡ ಅಂತ ಹಾಕಿದ್ರ ಜಗಳ ಆಗ್ತದ. ನಮ್ಮ ಕಡೆ ಹಿಂಗ ಮಾಡ್ತೀವಿ: ಖರೀದಿ ಬಿಲ್ ತಡ ಆದ್ರ ಐಟಿಸಿ ಮುಂದಿನ ತಿಂಗಳಿಗೆ ಹೋಗ್ತದ, ಅಷ್ಟ. ಅವರ ರೊಕ್ಕ ಒಂದ್ ತಿಂಗಳು ತಡೀತದ, ಮುಂದಿನ ಸಲ ತಾವ ಬೇಗ ಕಳಸ್ತಾರ.

ದಾವಣಗೆರೆಯಿಂದ: ಐಡಿಯಾ ಒಳ್ಳೆಯದು, ಒಂದು ತಿದ್ದುಪಡಿ. ಬಿಲ್ ನಮ್ಮ ಕೈಗೆ ಬಾರದೆ 2ಬಿಯಲ್ಲಿ ಮಾತ್ರ ಕಂಡರೆ ಸುಮ್ಮನೆ ಬಿಟ್ಟುಬಿಡುವ ಹಾಗಿಲ್ಲ. 3ಬಿಯಲ್ಲಿ ತೋರಿಸಿ, ಅಲ್ಲೇ ತಾತ್ಕಾಲಿಕ ರಿವರ್ಸಲ್ ಹಾಕಿ, ಬಿಲ್ ಬಂದ ತಿಂಗಳು ರೀಕ್ಲೇಮ್ ಮಾಡಬೇಕು. ಅಂದ್ರೆ ತಡವಾದ ಪ್ರತಿ ಖರೀದಿ ಬಿಲ್ಲೂ ನಮಗೇ ಎರಡು ಸಲದ ಕೆಲಸ. ಎರಡು ಮೂರು ಬಿಲ್ಲಾದರೆ ಪರವಾಗಿಲ್ಲ, ಇಪ್ಪತ್ತಾದರೆ ರೀಕ್ಲೇಮ್ ಲೆಕ್ಕ ಇಡೋದೇ ಒಂದು ಕೆಲಸವಾಗುತ್ತೆ. ಮಾರಾಟದ ಬಿಲ್ ಅಂತೂ ಮುಂದೂಡೋಕೆ ಬರಲ್ಲ. ಜಿಎಸ್‌ಟಿಆರ್-1 ಹಾಕಿದ ಮೇಲೆ ಚೀಲದ ತಳದಿಂದ ಒಂದು ಬಿಲ್ ಸಿಕ್ಕಿದರೆ 3ಬಿಗೆ ಮುಂಚೆ 1ಎ ಹಾಕಬೇಕು. ಅದಕ್ಕೆ ಮಾತ್ರ ಒಂದು ಸಲಕ್ಕೆ ₹750 ಅಂತ ಬರೆದಿಡಿ. ದಂಡ ಅನ್ನಬೇಡಿ, "ತಿದ್ದುಪಡಿ ರಿಟರ್ನ್" ಅಂತ ಹೆಸರಿಡಿ, ಯಾಕಂದ್ರೆ ಅದು ನಿಜಕ್ಕೂ ಇನ್ನೊಂದು ಕೆಲಸ.

₹6,300 ಬಗ್ಗೆ: ಹಳಬರಿಗೆ ಒಂದು ವರ್ಷ ಆಗಬಹುದು. ಆದರೆ ಆ ಎರಡು ಗಂಟೆ ನಿಮ್ಮ ಜೇಬಿಂದ ಹೋಗ್ತಿದೆ ಅನ್ನೋದು ಗೊತ್ತಿರಲಿ. ಶನಿವಾರದ ನಿಯಮ ಎರಡು ವಾರ ನಡೆಯುತ್ತೆ, ಆಮೇಲೆ ಸೋಮವಾರ ಬೆಳಿಗ್ಗೆ ಫೋನ್ ಬಂದೇ ಬರುತ್ತೆ.

ಶಿವಮೊಗ್ಗದಿಂದ: ಅಂಗಡಿ ಬೆಳೆದರೆ? ಇದೇ ಹಾರ್ಡ್‌ವೇರ್‌ನವರು ಗಲ್ಲಾಪೆಟ್ಟಿಗೆ ಮೇಲೆ ಕ್ಯೂಆರ್ ಇಟ್ಟಿದ್ದಾರೆ. ಹೋದ ವರ್ಷ ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ತಿಂಗಳಿಗೆ 180 ಸಾಲು ಇದ್ದದ್ದು ಈಗ ಏರ್ತಾ ಇದೆ. ವೋಚರ್ ಲೆಕ್ಕದಲ್ಲಿ ಮಿತಿ ಹಾಕಲಾ?

ದಾವಣಗೆರೆಯಿಂದ: ವೋಚರ್ ಎಣಿಸೋದು ಸುಲಭ. ಟ್ಯಾಲಿಪ್ರೈಮ್‌ನಲ್ಲಿ Alt+G ಒತ್ತಿ `Statistics` ಅಂತ ಟೈಪ್ ಮಾಡಿದರೆ ಯಾವ ಬಗೆಯ ವೋಚರ್ ಎಷ್ಟು ಅಂತ ಬರುತ್ತೆ, Alt+F2ರಲ್ಲಿ ತಿಂಗಳು ಬದಲಿಸಿ. ಆದರೆ ಅದೊಂದನ್ನೇ ನಂಬಿದರೆ ಏಟು ಬೀಳುತ್ತೆ. ದಿನದ ಕ್ಯಾಶ್ ಮಾರಾಟವನ್ನ ಒಂದೇ ವೋಚರ್ ಮಾಡಿದರೆ ಎಣಿಕೆ ಒಂದು, ಅದರ ಹಿಂದೆ 40 ಚೀಟಿ ಇರಬಹುದು.

ಅದಕ್ಕೆ ಮೂರನ್ನು ಬೇರೆ ಬೇರೆ ಎಣಿಸಿ: ಮಾರಾಟ ಬಿಲ್ 150, ಖರೀದಿ ಬಿಲ್ 75, ಬ್ಯಾಂಕ್ ಸಾಲು 200. ಇಷ್ಟರವರೆಗೆ ಒಪ್ಪಿದ ಫೀ. ಬ್ಯಾಂಕ್ ಸಾಲು ಪ್ರತಿ ನೂರು ಹೆಚ್ಚಾದರೆ ₹500. ಒಂದು ತಿಂಗಳು ದಾಟಿದರೆ ಬಿಟ್ಟುಬಿಡಿ, ಸತತ ಎರಡು ತಿಂಗಳು ದಾಟಿದರೆ ಮೂರನೇ ತಿಂಗಳಿಂದ ಹೊಸ ದರ. ದೀಪಾವಳಿ ತಿಂಗಳಿಗೆ ಜಗಳ ಆಡಬಾರದು.

ಕ್ಯೂಆರ್ ವಿಷಯದಲ್ಲಿ ಮೊದಲು ಕೇಳಬೇಕಾದ್ದು, ಅದು ವ್ಯಾಪಾರಿ ಖಾತೆಯದೋ ಮಾಲೀಕರ ಸ್ವಂತ ಯುಪಿಐಯೋ ಅಂತ. ವ್ಯಾಪಾರಿ ಕ್ಯೂಆರ್‌ನಲ್ಲಿ ದಿನದ ಮೊತ್ತ ಒಟ್ಟಾಗಿ ಜಮೆ ಆಗುವ ವ್ಯವಸ್ಥೆ ಇದ್ದರೆ ದಿನಕ್ಕೊಂದು ಸಾಲು. ಸ್ವಂತ ಯುಪಿಐ ಆದರೆ ₹40ರ ಮೊಳೆಗೂ ಒಂದು ಸಾಲು. ಎಕ್ಸೆಲ್‌ನಿಂದ ಎಳೆಯೋಕೆ ಎರಡು ನಿಮಿಷ ಸಾಕು, ನಿಜ. ಸಮಯ ಹೋಗೋದು ವಿಂಗಡಣೆಗೆ: ಈ ₹3,200 ಇವತ್ತಿನ ಮಾರಾಟವೋ, ಹೋದ ತಿಂಗಳ ಉದ್ದರಿ ತೀರಿಸಿದ್ದೋ, ಮಾಲೀಕರ ಭಾಮೈದ ಹಾಕಿದ ಕೈಸಾಲವೋ. ಮೂರೂ ಮಾರಾಟ ಅಂತ ಹೋದರೆ ಬಾರದ ಆದಾಯ ಪುಸ್ತಕಕ್ಕೆ ಬಂದು ಕೂರುತ್ತೆ. ಫೀ ಮಾತಾಡೋಕೆ ಮುಂಚೆ ಕ್ಯೂಆರ್ ಬದಲಾಯಿಸೋಕೆ ಹೇಳಿ, ನಿಮ್ಮಿಬ್ಬರಿಗೂ ಉಳಿತಾಯ.

ಮಂಗಳೂರಿನಿಂದ: ಒಂಬತ್ತೂ ಜನರನ್ನ ಒಂದೇ ಸಲ ಬದಲಾಯಿಸಬೇಡಿ. ಪ್ರತಿ ಪುಸ್ತಕದಲ್ಲೂ ಮೂರು ಜಾಗ ನೋಡಿ. ಸಸ್ಪೆನ್ಸ್ ಲೆಡ್ಜರ್‌ನಲ್ಲಿ ಎಷ್ಟು ನಿಂತಿದೆ, ಕ್ಯಾಶ್ ಎಲ್ಲಾದರೂ ಮೈನಸ್‌ಗೆ ಹೋಗಿದೆಯಾ, ಬ್ಯಾಂಕ್ ತಾಳೆ ಯಾವ ತಾರೀಖಿನವರೆಗೆ ಆಗಿದೆ. ಮೂರೂ ಚೊಕ್ಕ ಇದ್ದವರನ್ನ ಮೊದಲು ಫಿಕ್ಸ್‌ಗೆ ತನ್ನಿ. ಹದಗೆಟ್ಟ ಪುಸ್ತಕಕ್ಕೆ ಹಳೇದನ್ನ ಸರಿಪಡಿಸುವ ಬಿಲ್ ಬೇರೆ, ಅದು ಗಂಟೆ ಲೆಕ್ಕದಲ್ಲೇ ಇರಲಿ, ಒಳಗೆ ಏನಿದೆ ಅಂತ ತೆರೆಯುವ ತನಕ ಯಾರಿಗೂ ಗೊತ್ತಾಗಲ್ಲ. ಸಸ್ಪೆನ್ಸ್ ಸೊನ್ನೆ ಆದ ತಿಂಗಳಿಂದ ಫಿಕ್ಸ್.

ಶುರು ಏಪ್ರಿಲ್ 1ಕ್ಕೆ, ಮಾರ್ಚ್ ಮೊದಲ ವಾರದಲ್ಲೇ ಹೇಳಿ.

ಹುಬ್ಬಳ್ಳಿಯಿಂದ: ಏಪ್ರಿಲ್ ಬ್ಯಾಡ್ರಿ. ಹಳೇ ವರ್ಷದ ಕ್ಲೋಸಿಂಗು, ಹೊಸ ಫೀ, ಎರಡೂ ಒಟ್ಟಿಗೆ ಬಂದ್ರ ಯಾವುದು ಯಾವ ಬಿಲ್ಲಿಂದು ಅಂತ ಗೊಂದಲ. ಜುಲೈ ಚಲೋ.

ಮಂಗಳೂರಿನಿಂದ: ಜುಲೈ ಅಂದ್ರೆ ಟಿಡಿಎಸ್ ರಿಟರ್ನ್ ತಿಂಗಳು, ಅದಕ್ಕೂ ಏನಾದ್ರೂ ಬಂದೇ ಬರುತ್ತೆ. ವರ್ಷದ ಮಧ್ಯೆ ದರ ಬದಲಾದರೆ ಕ್ಲೈಂಟ್‌ಗೆ ಅದು ಏರಿಕೆ ಅಂತಲೇ ಕಾಣೋದು. ನಾನು ಏಪ್ರಿಲ್ ಅಂತಲೇ ಹೇಳ್ತೀನಿ.

ಶಿವಮೊಗ್ಗದಿಂದ: ಹಾರ್ಡ್‌ವೇರ್‌ನವರಿಗೆ ಹೀಗೆ ಬರೆದಿದ್ದೀನಿ, ನೋಡಿ ಹೇಳಿ:

"ನಮಸ್ಕಾರ ಅಣ್ಣ. ಮುಂದಿನ ತಿಂಗಳಿಂದ ಗಂಟೆ ಲೆಕ್ಕ ಇರಲ್ಲ, ತಿಂಗಳಿಗೆ ₹6,300. ಇದರಲ್ಲಿ ಎಂಟ್ರಿ, ಬ್ಯಾಂಕ್ ತಾಳೆ, ಜಿಎಸ್‌ಟಿ ರಿಟರ್ನ್, ಟಿಡಿಎಸ್ ರಿಟರ್ನ್ ಸೇರಿದೆ. ಮಾರಾಟ ಬಿಲ್ 150, ಖರೀದಿ 75, ಬ್ಯಾಂಕ್ ಸಾಲು 200ರವರೆಗೆ. ಬಿಲ್‌ಗಳು 5ನೇ ತಾರೀಖಿನೊಳಗೆ ಬೇಕು. ವರ್ಷದ ಕ್ಲೋಸಿಂಗ್, ನೋಟಿಸ್ ಬೇರೆ, ಮೊದಲೇ ಮೊತ್ತ ಹೇಳ್ತೀನಿ. ಫೀ ಆಯಾ ತಿಂಗಳ 5ಕ್ಕೆ."

ದಾವಣಗೆರೆಯಿಂದ: ಚೆನ್ನಾಗಿದೆ. ಎರಡು ಸೇರಿಸಿ: ಸಾಲು ಹೆಚ್ಚಾದರೆ ಏನು ದರ ಅನ್ನೋದು, ಮತ್ತು ಫೀ ಮುಂಗಡವೋ ಕೆಲಸ ಮುಗಿದ ಮೇಲೋ ಅನ್ನೋದು. "ಆಯಾ ತಿಂಗಳ 5" ಅಂದ್ರೆ ಅವರು ಹಿಂದಿನ ತಿಂಗಳದ್ದು ಅಂದುಕೊಳ್ತಾರೆ. "ಅಕ್ಟೋಬರ್ ಫೀ ಅಕ್ಟೋಬರ್ 5ಕ್ಕೆ" ಅಂತ ಬರೆಯಿರಿ.

ಟೈಮ್ ಶೀಟ್ ಮಾತ್ರ ನಿಲ್ಲಿಸಬೇಡಿ, ಕ್ಲೈಂಟ್‌ಗೆ ತೋರಿಸಬೇಡಿ ಅಷ್ಟೇ. ಮೂರು ತಿಂಗಳಿಗೊಮ್ಮೆ ಫೀಯನ್ನ ಗಂಟೆಗಳಿಂದ ಭಾಗಿಸಿ. ₹6,300ಕ್ಕೆ 13 ಗಂಟೆ ಹಿಡಿದರೆ ಗಂಟೆಗೆ ₹485 ಬೀಳುತ್ತೆ, 16 ಗಂಟೆ ಮೀರಿದರೆ ಹಳೇ ₹400ಕ್ಕಿಂತ ಕೆಳಗೆ. ಟಿಡಿಎಸ್ ತಿಂಗಳೊಂದರಲ್ಲೇ 17 ಆದರೆ ಚಿಂತೆ ಇಲ್ಲ, ಮೂರು ತಿಂಗಳ ಸರಾಸರಿಯೇ 16 ಮೀರಿದರೆ ಎಣಿಕೆ ತೆಗೆದು ನೋಡಿ. ಸಾಲು ಹೆಚ್ಚಾಗಿದ್ದರೆ ಹೊಸ ದರದ ಮಾತು, ಸಾಲು ಅಷ್ಟೇ ಇದ್ದು ಗಂಟೆ ಹೆಚ್ಚಾಗಿದ್ದರೆ ಕಾಗದ ತಡವಾಗಿ ಬರ್ತಿವೆ ಅಥವಾ ಫೋನ್ ಹೆಚ್ಚಾಗಿದೆ ಅಂತ ಅರ್ಥ.

ತುಮಕೂರಿನಿಂದ: ಇಷ್ಟೆಲ್ಲ ಬರೆದುಕೊಟ್ಟರೆ ನಮ್ಮ ಕಡೆಯ ಅಂಗಡಿಯವರು ಓದೋದೇ ಇಲ್ಲ. ಮೊತ್ತ ನೋಡಿ ಒಂದು ಥಂಬ್ಸ್-ಅಪ್ ಹಾಕ್ತಾರೆ.

ಹುಬ್ಬಳ್ಳಿಯಿಂದ: ಹಾಕಲಿ ಬಿಡ್ರಿ. ಆ ಹೆಬ್ಬೆಟ್ಟ ನಮಗ ಬೇಕಾದ್ದು.