ಹೆಡ್‌ಗೆ ಮೂರು ರೂಪಾಯಿ ಸಿಗುತ್ತೆ ಅಂದ್ರೂ ಹೆಡ್ ಜಾಸ್ತಿ ತೋರಿಸಬಾರದಾ?

ಎಂ.ಎ. ವಿದ್ಯಾರ್ಥಿನಿ: ಇಬ್ಬರೂ ಒಂದೊಂದು ನಾಣ್ಯವನ್ನು ಅಂಗೈಯಲ್ಲಿ ಮುಚ್ಚಿಟ್ಟು ಒಟ್ಟಿಗೆ ತೆರೆಯುವ ಆಟ. ಎರಡೂ ಒಂದೇ ಆದರೆ ಎದುರಾಳಿ ನನಗೆ 1 ರೂಪಾಯಿ ಕೊಡಬೇಕು, ಬೇರೆ ಬೇರೆ ಆದರೆ ನಾನು ಕೊಡಬೇಕು. ಇಬ್ಬರೂ ಅರ್ಧ ಸಲ ಹೆಡ್, ಅರ್ಧ ಸಲ ಟೇಲ್ ಅನ್ನೋದು ಅರ್ಥವಾಯಿತು. ಟೆಸ್ಟಿನಲ್ಲಿ ಒಂದು ಬದಲಾವಣೆ ಮಾಡಿದ್ದರು. ಎರಡೂ ಹೆಡ್ ಆದರೆ ನನಗೆ 3 ರೂಪಾಯಿ, ಆದರೆ ಎದುರಾಳಿ ಕೊಡೋದು 1 ಮಾತ್ರ, ಉಳಿದ 2 ಆಟ ನಡೆಸುವವರದ್ದು. ನಾನು ಹೆಡ್ ತೋರಿಸುವ ಸಂಭವನೀಯತೆ 1/3 ಅಂತ ಬರೆದೆ, ಸೊನ್ನೆ ಬಂತು. ಸರಿ ಉತ್ತರ 1/2 ಅಂತೆ. ನನ್ನ ಲಾಭ ಏರಿದರೂ ನನ್ನ ಆಟ ಬದಲಾಗಲ್ವಾ?

ನಿವೃತ್ತ ಹೈಸ್ಕೂಲ್ ಮೇಷ್ಟ್ರು: ನಾಣ್ಯ ಅಂದಮೇಲೆ ಹೆಡ್ ಬೀಳೋದು ಯಾವಾಗಲೂ 1/2 ಅಲ್ವೇನಮ್ಮಾ. ಬಹುಮಾನಕ್ಕೂ ಅದಕ್ಕೂ ಏನು ಸಂಬಂಧ?

ವಿದ್ಯಾರ್ಥಿನಿ: ಚಿಮ್ಮೋದಲ್ಲ ಸರ್. ಯಾವ ಮುಖ ಮೇಲಿರಬೇಕು ಅಂತ ನಾವೇ ಆರಿಸಿ ಇಡೋದು.

ಬ್ಯಾಂಕ್ ಉದ್ಯೋಗಿ: 1/3ನೂ ಅಲ್ಲ, 1/2ನೂ ಅಲ್ಲ. ಹೆಡ್‌ಗೆ ಮೂರುಪಟ್ಟು ಸಿಗುತ್ತೆ ಅಂದ್ರೆ ಹೆಡ್ ಜಾಸ್ತಿ ತೋರಿಸಬೇಕು. ಮುಕ್ಕಾಲು ಸಲ ಅನ್ನಿ. ಇದಕ್ಕೆ ಲೆಕ್ಕ ಬೇರೆ ಬೇಕಾ?

ಅರ್ಥಶಾಸ್ತ್ರ ಉಪನ್ಯಾಸಕಿ (ಆಟದ ಸಿದ್ಧಾಂತ ಪಾಠ ಮಾಡುತ್ತೇನೆ): ನಿಮ್ಮ 1/3 ಲೆಕ್ಕ ಸರಿಯಾಗಿದೆ. ಅದನ್ನು ಬೇರೆಯವರ ಖಾತೆಗೆ ಹಾಕಿದ್ದೀರಿ, ಅಷ್ಟೇ. ಎದುರಾಳಿ ಹೆಡ್ ತೋರಿಸುವ ಸಂಭವನೀಯತೆ q ಅನ್ನಿ. ನಿಮಗೆ ಸರಾಸರಿ ಸಿಗೋದು ಇಷ್ಟು:

```
ನೀವು ಹೆಡ್ ತೋರಿಸಿದರೆ:  3q - (1-q) = 4q - 1
ನೀವು ಟೇಲ್ ತೋರಿಸಿದರೆ:  -q + (1-q) = 1 - 2q
```

ಎರಡೂ ಸಮ ಆಗೋದು q = 1/3 ಇದ್ದಾಗ. ಸಮೀಕರಣದ ತುಂಬ ನಿಮ್ಮ ರೂಪಾಯಿಗಳೇ ಇವೆ, ಆದರೆ ಹೊರಗೆ ಬಂದದ್ದು ಎದುರಾಳಿಯ ಸಂಖ್ಯೆ. ಹತ್ತರಲ್ಲಿ ಏಳು ಜನ ಇಲ್ಲೇ ಎಡವುತ್ತಾರೆ ಅಂದರೆ ಉತ್ಪ್ರೇಕ್ಷೆ ಇರಬಹುದು, ಆದರೆ ಉತ್ತರಪತ್ರಿಕೆ ತಿದ್ದುವಾಗ ನನಗಂತೂ ಹಾಗೇ ಅನ್ನಿಸುತ್ತೆ. ನಿಮ್ಮ ಪಾಲು ಬೇಕಿದ್ದರೆ ಎದುರಾಳಿಯ ರೂಪಾಯಿಗಳನ್ನು ತೆಗೆದುಕೊಳ್ಳಿ. ನೀವು p ಪಾಲು ಹೆಡ್ ತೋರಿಸಿದರೆ, ಅವರಿಗೆ ಹೆಡ್‌ನಿಂದ 1 − 2p, ಟೇಲ್‌ನಿಂದ 2p − 1. ಸಮ ಆಗೋದು p = 1/2. ಅವರ ರೂಪಾಯಿ ಒಂದೂ ಬದಲಾಗಿಲ್ಲ, ಹಾಗಾಗಿ ನಿಮ್ಮ ಪಾಲೂ ಬದಲಾಗಲಿಲ್ಲ.

ಬ್ಯಾಂಕ್ ಉದ್ಯೋಗಿ: ಮೇಡಂ, ಸಮೀಕರಣ ಒಪ್ಪಿದೆ. ಆದರೆ q 1/3 ಇದ್ದಾಗ ನನಗೆ ಹೆಡ್‌ನಿಂದಲೂ 1/3 ರೂಪಾಯಿ, ಟೇಲ್‌ನಿಂದಲೂ 1/3 ರೂಪಾಯಿ. ಎರಡೂ ಅಷ್ಟೇ ಅಂದಮೇಲೆ ನಾನು ಮುಕ್ಕಾಲು ಸಲ ಹೆಡ್ ಆಡಿದರೆ ಏನು ನಷ್ಟ?

ಉಪನ್ಯಾಸಕಿ: ಆ ಕ್ಷಣಕ್ಕೆ ಏನೂ ನಷ್ಟ ಇಲ್ಲ. ಆ ಮಾತು ಸರಿ. ಆದರೆ ಎದುರಾಳಿ ಕೈಕಟ್ಟಿ ಕೂತಿರಲ್ಲ. ನೀವು ಹೆಡ್ ಕಡೆ ವಾಲಿದ್ದೀರಿ ಅಂತ ಗೊತ್ತಾದರೆ ಅವರು ಟೇಲ್ ಒಂದನ್ನೇ ತೋರಿಸುತ್ತಾರೆ. ಆಗ ನಿಮ್ಮ ಮುಕ್ಕಾಲು ಸಲ ಹೋಗುತ್ತೆ 1 ರೂಪಾಯಿ, ಕಾಲು ಸಲ ಬರುತ್ತೆ 1. ಆಟಕ್ಕೆ ಸರಾಸರಿ 50 ಪೈಸೆ ನಿಮ್ಮ ಜೇಬಿನಿಂದ ಹೋಯಿತು. ಆ 3 ರೂಪಾಯಿ ಒಂದು ಸಲವೂ ಕೈಗೆ ಬರಲ್ಲ. ನೀವು ಅರ್ಧ–ಅರ್ಧ ಆಡೋದು ನಿಮ್ಮ ಲಾಭ ಹೆಚ್ಚಿಸೋಕೆ ಅಲ್ಲ, ಎದುರಾಳಿಗೆ ಹಿಡಿಯೋಕೆ ಏನೂ ಸಿಗದಿರಲಿ ಅಂತ. ಹಾಗೇ ಅವರು ಹೆಡ್ ಅನ್ನು 1/3ಕ್ಕೆ ಇಳಿಸೋದು, ನೀವು ಆಸೆಪಟ್ಟು ಹೆಡ್‌ಗೇ ಅಂಟಿಕೊಳ್ಳಬಾರದು ಅಂತ.

ಬ್ಯಾಂಕ್ ಉದ್ಯೋಗಿ: ಕಾಗದದ ಮೇಲೆ ಸರಿ. ಜನ ಹೀಗೆ ಆಡ್ತಾರೆ ಅಂದ್ರೆ ನಾನು ನಂಬಲ್ಲ.

ಉಪನ್ಯಾಸಕಿ: ನಂಬಬೇಡಿ, ಈ ವಿಷಯದಲ್ಲಿ ನಿಮ್ಮ ಕಡೆಗೇ ಸಾಕ್ಷಿ ಇದೆ. 2001ರಲ್ಲಿ ಜೇಕಬ್ ಗೋರೀ ಮತ್ತು ಚಾರ್ಲ್ಸ್ ಹೋಲ್ಟ್ ಇದೇ ಬಗೆಯ ಆಟವನ್ನು ಒಂದೇ ಸಲ ಆಡಿಸಿದ ಪ್ರಯೋಗ ಪ್ರಕಟಿಸಿದರು. ಹೊಂದಿಸುವ ಆಟಗಾರನಿಗೆ ಹೊಂದಿದರೆ 80 ಸೆಂಟ್, ಇಲ್ಲದಿದ್ದರೆ 40. ಆಗ ಮೊದಲ ಆಯ್ಕೆ ಹಿಡಿದವರು 48%, ಹೆಚ್ಚುಕಮ್ಮಿ ಲೆಕ್ಕದಂತೆ. ಆಮೇಲೆ ಇಬ್ಬರೂ ಮೊದಲ ಆಯ್ಕೆ ಹಿಡಿದಾಗ ಹೊಂದಿಸುವವನಿಗೆ ಸಿಗುವ 80 ಅನ್ನು ಮಾತ್ರ 320 ಮಾಡಿದರು. ಲೆಕ್ಕ ಈಗಲೂ ಅರ್ಧ ಅನ್ನುತ್ತೆ. ಆದರೆ 96% ಜನ ದೊಡ್ಡ ಮೊತ್ತದ ಹಿಂದೆಯೇ ಹೋದರು.

ನನಗೆ ಇದರಲ್ಲಿ ಇಷ್ಟವಾಗೋದು ಎದುರಾಳಿಗಳ ಕಥೆ. ಅವರು ಆ ಕಡೆ ಬರಬೇಕಾದದ್ದು ಲೆಕ್ಕದ ಪ್ರಕಾರ 1/8, ಅಂದರೆ 12.5%. ಬಂದದ್ದು 16%. ದುಡ್ಡು ಯಾರದ್ದು ಬದಲಾಯಿತೋ ಅವರು ಲೆಕ್ಕ ಮೀರಿದರು, ಬದಲಾಗದವರು ಹತ್ತಿರ ಹತ್ತಿರ ಲೆಕ್ಕದಂತೆ ಆಡಿದರು. ಅದೇ ಆಟವನ್ನು ಐವತ್ತು ಸಲ ಆಡಿಸಿದ್ದರೆ 96 ಹಾಗೇ ನಿಲ್ಲುತ್ತಿತ್ತಾ ಅನ್ನೋದು ಬೇರೆ ಪ್ರಶ್ನೆ.

ನಿವೃತ್ತ ಬಸ್ ಕಂಡಕ್ಟರ್: ನಾಣ್ಯದ್ದು ನನಗೆ ಅರ್ಧ ಅರ್ಥ ಆಯ್ತು. ಆದ್ರೆ ಒಂದು ಕೇಳ್ತೀನಿ. ನಾನು ಕೆಲಸದಲ್ಲಿದ್ದಾಗ ಒಂದು ಸಲ ಟಿಕೆಟ್ ಇಲ್ಲದ ಪ್ರಯಾಣಕ್ಕೆ ದಂಡ ಜಾಸ್ತಿ ಮಾಡಿದ್ರು. ಒಂದೆರಡು ತಿಂಗಳು ಎಲ್ಲರೂ ಕೇಳಿ ಕೇಳಿ ಟಿಕೆಟ್ ತಗೊಂಡ್ರು. ಆಮೇಲೆ ಮತ್ತೆ ಅದೇ ಕಥೆ, ಹಿಂದಿನ ಬಾಗಿಲಲ್ಲಿ ಹತ್ತೋದು, ಸ್ಟಾಪ್ ಬರೋವರೆಗೆ ನಿದ್ದೆ ಮಾಡೋ ಹಾಗೆ ಕೂರೋದು. ಇದೂ ನಿಮ್ಮ ಆಟದ ಥರಾನೇನಾ?

ಉಪನ್ಯಾಸಕಿ: ಅಣ್ಣಾ, ಅದೇ ಆಟ! ಟಿಕೆಟ್ ಇಲ್ಲದ ದಿನ ಚೆಕಿಂಗ್‌ನವರು ಹತ್ತಿದರೆ ಅವರಿಗೆ ಗೆಲುವು, ಅವರು ಬರದ ದಿನ ಪ್ರಯಾಣಿಕನಿಗೆ ಗೆಲುವು. ಟಿಕೆಟ್ 20 ರೂಪಾಯಿ, ದಂಡ 200 ಅಂತ ಇಟ್ಟುಕೊಳ್ಳೋಣ. ಹತ್ತು ಸಲಕ್ಕೊಮ್ಮೆ ಚೆಕಿಂಗ್ ಇದ್ದರೆ ಅವನಿಗೆ ಟಿಕೆಟ್ ತೆಗೆದುಕೊಂಡರೂ ಒಂದೇ, ಬಿಟ್ಟರೂ ಒಂದೇ. ದಂಡ 500 ಆದರೆ? 25 ಸಲಕ್ಕೊಮ್ಮೆ ಚೆಕಿಂಗ್ ಸಾಕು. ಎಷ್ಟು ಜನ ಟಿಕೆಟ್ ತಪ್ಪಿಸುತ್ತಾರೆ ಅನ್ನೋದನ್ನು ತೀರ್ಮಾನಿಸೋದು ಚೆಕಿಂಗ್‌ನವರ ಖರ್ಚು–ಲಾಭ. ದಂಡದ ಹಣ ಅವರ ಲೆಕ್ಕಕ್ಕೆ ಸೇರದಿದ್ದರೆ ಆ ಪ್ರಮಾಣ ಹಾಗೇ ಉಳಿಯುತ್ತೆ. ಕಡಿಮೆ ಆಗೋದು ಚೆಕಿಂಗ್.

ಕಂಡಕ್ಟರ್: ಇಲ್ಲಮ್ಮಾ, ಅದು ಹೊಂದಲ್ಲ. ಚೆಕಿಂಗ್ ಕಡಿಮೆ ಆಗಿರಲಿಲ್ಲ. ಅವರ ಡ್ಯೂಟಿ ಮೇಲಿನಿಂದ ಬರೆದು ಬರ್ತಿತ್ತು, ತಿಂಗಳಿಗೆ ಇಷ್ಟು ಬಸ್ ಅಂತ.

ಉಪನ್ಯಾಸಕಿ: ಹಾಗಿದ್ದರೆ ನನ್ನ ಲೆಕ್ಕ ಅಲ್ಲಿ ನಡೆಯಲ್ಲ. ಎರಡೂ ಕಡೆಯವರು ಇನ್ನೊಬ್ಬರನ್ನು ನೋಡಿ ಬದಲಾಗಬೇಕು. ಒಂದು ಕಡೆ ಗಟ್ಟಿಯಾಗಿ ನಿಂತಿದ್ದರೆ ದಂಡ ಏರಿಸಿದಾಗ ಟಿಕೆಟ್ ತಪ್ಪಿಸೋದು ಕಡಿಮೆಯೇ ಆಗಬೇಕಿತ್ತು, ಆಗಲಿಲ್ಲ ಅಂತೀರಿ. ಯಾವ ಬಸ್ಸಿಗೆ ಯಾವಾಗ ಹತ್ತುತ್ತಾರೆ ಅಂತ ಜನ ಪಳಗಿಬಿಟ್ಟಿದ್ದರಾ?

ಕಂಡಕ್ಟರ್: ಅದಂತೂ ನಿಜ. ಬೆಳಿಗ್ಗೆ ಒಂಬತ್ತರ ಟ್ರಿಪ್ಪಿಗೆ ಯಾರೂ ತಪ್ಪಿಸ್ತಿರಲಿಲ್ಲ, ಸಂಜೆ ಲಾಸ್ಟ್ ಬಸ್ಸಿಗೆ ಎಲ್ಲರೂ. ಆದ್ರೂ ಪೂರ್ತಿ ಅದೇ ಕಾರಣ ಅಂತ ಹೇಳಲಾರೆ.

ವಿದ್ಯಾರ್ಥಿನಿ: ಮೇಡಂ, ಒಂದು ಕೊನೆಯ ಅನುಮಾನ. ಆ 3 ರೂಪಾಯಿಯನ್ನೂ ಎದುರಾಳಿಯೇ ಕೊಡಬೇಕು ಅಂತ ಇದ್ದಿದ್ದರೆ?

ಉಪನ್ಯಾಸಕಿ: ನೀವೇ ಮಾಡಿ ನೋಡಿ. ಈ ಸಲ ಅವರ ರೂಪಾಯಿ ಬದಲಾಗಿದೆ.

ವಿದ್ಯಾರ್ಥಿನಿ: ಅವರಿಗೆ ಹೆಡ್‌ನಿಂದ −3p + (1−p), ಅಂದರೆ 1 − 4p. ಟೇಲ್‌ನಿಂದ 2p − 1. ಸಮ ಮಾಡಿದರೆ 6p = 2... ಅಯ್ಯೋ, ನಾನು ಹೆಡ್ ತೋರಿಸೋದು 1/3! ಬಹುಮಾನ ಏರಿದ್ದಕ್ಕೆ ನಾನೇ ಹೆಡ್ ಕಡಿಮೆ ಮಾಡಬೇಕು!

ಉಪನ್ಯಾಸಕಿ: ಹೂಂ. ಎದುರಾಳಿ ಹೆಡ್‌ಗೆ ಹೆದರಿದ್ದಾರೆ. ನೀವು ಮೊದಲಿನ ಹಾಗೆ ಅರ್ಧ ಸಲ ಹೆಡ್ ತೋರಿಸಿದರೆ ಅವರು ಹೆಡ್ ತೋರಿಸೋದನ್ನೇ ಬಿಡುತ್ತಾರೆ. ಆ ಪ್ರಶ್ನೆ ಕೇಳಿದ್ದರೆ ನಿಮ್ಮ 1/3ಕ್ಕೆ ಪೂರ್ತಿ ಅಂಕ.

ಬ್ಯಾಂಕ್ ಉದ್ಯೋಗಿ: ನಾನಂತೂ ಹೆಡ್ಡೇ ಇಡೋದು.

ಉಪನ್ಯಾಸಕಿ: ಹಾಗಾದ್ರೆ ಒಂದು ದಿನ ನನ್ನ ಜೊತೆ ಆಡೋಕೆ ಬನ್ನಿ ಸರ್.