ಪದಚರ್ಚೆ: ಸಾಫ್ಟ್‌ವೇರ್ ಬದಲಾಯಿಸೋ ಮೀಟಿಂಗ್ ನೋಟೀಸಲ್ಲಿ "ಹಿಂಪಡೆಯುವ ಸಮಯ" ಅಂತ ಬರೆದೆ, ಯಾರಿಗೂ ಅರ್ಥ ಆಗ್ಲಿಲ್ಲ

ಎಲ್ಲರಿಗೂ ನಮಸ್ಕಾರ. ನಾಕು ಪದಗಳ ಬಗ್ಗೆ ನಿಮ್ಮ ಸಹಾಯ ಬೇಕು, ಸ್ವಲ್ಪ ಅವಸರ ಇದೆ.

ಒಂದು ಪತ್ತಿನ ಸಹಕಾರ ಸಂಘದ ಹಳೇ ಫಾಕ್ಸ್‌ಪ್ರೋ ಲೆಕ್ಕಾನೆಲ್ಲ ಹೊಸ ಸಾಫ್ಟ್‌ವೇರಿಗೆ ಸಾಗಿಸೋ ಕೆಲಸ ನಮ್ಮ ಟೀಮಿಂದು. ಶನಿವಾರ ಸಂಜೆ ನಾಕೂ ಶಾಖೆ ದಿನದ ಲೆಕ್ಕ ಮುಗಿಸಿ ಬಾಗಿಲು ಹಾಕಿದ ಮೇಲೆ ಶುರು, ಸೋಮವಾರ ಬೆಳಗ್ಗೆ 10ಕ್ಕೆ ಕೌಂಟರ್ ತೆಗೆಯೋ ಹೊತ್ತಿಗೆ ಹೊಸದರಲ್ಲಿ ರಸೀದಿ ಬರಬೇಕು. ಏನಾದ್ರೂ ಕೆಟ್ರೆ ಹಳೇದಕ್ಕೇ ವಾಪಸ್ ಹೋಗೋದು, ಅದನ್ನ ಎಷ್ಟು ಹೊತ್ತಿಗೆ ತೀರ್ಮಾನ ಮಾಡ್ಬೇಕು, ಆ ರಾತ್ರಿ ಯಾರಿಗೆ ಫೋನ್ ಮಾಡ್ಬೇಕು, ಇದೆಲ್ಲ ಮಾತಾಡೋಕೆ ಬುಧವಾರ ಮೀಟಿಂಗ್. ಸಂಘದವರಿಗೆ ಇಂಗ್ಲಿಷ್ ನೋಟೀಸ್ ಕಳಿಸೋದು ಸರಿಯಲ್ಲ ಅಂತ ನಾನೇ ಕೂತು ಕನ್ನಡದಲ್ಲಿ ಬರೆದೆ:

"ದತ್ತಾಂಶ ವರ್ಗಾವಣೆ ಚಾಲನಾ ಸಭೆ. ಚರ್ಚಾ ವಿಷಯ: ಪರಿಶೀಲನಾ ಪಟ್ಟಿ, ಹಿಂಪಡೆಯುವ ನಿರ್ಧಾರದ ಸಮಯ ಭಾನುವಾರ ರಾತ್ರಿ 2 ಗಂಟೆ, ಕರೆಗೆ ಲಭ್ಯವಿರುವವರ ವಿವರ."

ಸೆಕ್ರೆಟರಿ ಫೋನ್ ಮಾಡಿ "ಚಾಲನೆ ಅಂದ್ರೆ ಅಧ್ಯಕ್ಷರಿಗೆ ಹೇಳ್ಬೇಕಲ್ಲ, ದೀಪ ಬೆಳಗೋದು ಯಾರು" ಅಂತ ಕೇಳಿದ್ರು. ಒಬ್ಬ ಕ್ಲರ್ಕ್ "ವರ್ಗಾವಣೆ" ಅನ್ನೋದೊಂದೇ ಓದಿ ಯಾವ ಶಾಖೆಗೆ ಹಾಕಿದ್ದಾರೋ ಅಂತ ಗಾಬರಿ ಆಗಿದ್ರಂತೆ. ಕ್ಯಾಷಿಯರ್ ಮೇಡಂ "ಹಿಂಪಡೆಯುವ ಸಮಯ" ಅಂದ್ರೆ ಗ್ರಾಹಕರು ಹಣ ತೆಗೆಯೋ ಸಮಯ ಅಂದ್ಕೊಂಡಿದ್ರು, ಅವರ ವಿತ್‌ಡ್ರಾವಲ್ ಚೀಟಿ ಮೇಲೆ ಇರೋದೂ ಅದೇ ಪದ, ಅವರದ್ದೇನೂ ತಪ್ಪಿಲ್ಲ. ಎಲ್ಲಕ್ಕಿಂತ ದೊಡ್ಡದು ಆಮೇಲೆ ಗೊತ್ತಾಯ್ತು. ನಮ್ಮ ಲೀಡ್ ಅದೇ ನೋಟೀಸ್ ನೋಡಿ ಕ್ಯಾಲೆಂಡರಲ್ಲಿ ಭಾನುವಾರ 02:00 ಅಂತ ಹಾಕಿದ್ದಾರೆ, ಅಂದ್ರೆ ಪೂರ್ತಿ ಒಂದು ದಿನ ಮೊದಲೇ. ಆ ಹೊತ್ತಿಗೆ ಡೇಟಾ ಅರ್ಧವೂ ಏರಿರಲ್ಲ.

ಹಾಗಾಗಿ ಹಳೇದರಿಂದ ಹೊಸದಕ್ಕೆ ದಾಟೋ ಕಟೋವರ್, ಹಳೇದಕ್ಕೆ ವಾಪಸ್ ಹೋಗೋ ರೋಲ್‌ಬ್ಯಾಕ್, ಚೆಕ್‌ಲಿಸ್ಟ್, ಆ ರಾತ್ರಿ ಫೋನಿಗೆ ಸಿಗೋ ಆನ್‌ಕಾಲ್, ಈ ನಾಕಕ್ಕೂ ಕೌಂಟರಲ್ಲಿ ಕೂರೋರಿಗೆ ಒಂದೇ ಸಲಕ್ಕೆ ಹೊಳೆಯೋ ಪದ ಹೇಳ್ತೀರಾ?

– ದಾವಣಗೆರೆಯಿಂದ

---

ಮೇಡಂ, "ಹಿಂಪಡೆ" ತಪ್ಪೇನಲ್ಲ, ಕಂಪ್ಯೂಟರ್ ಪದಪಟ್ಟಿಗಳಲ್ಲೂ ನೋಡಿದ ನೆನಪು. ರೋಲ್‌ಬ್ಯಾಕ್ ಅನ್ನೋದೇ ಡೇಟಾಬೇಸಿನ ಪದ, ಇಷ್ಟೇ ಅಲ್ವಾ:

```
BEGIN;
UPDATE khate SET shilku = 0;
ROLLBACK;
```

ತಪ್ಪು ಮಾಡಿದ್ರೂ ಕೊನೇ ಸಾಲು ಹೊಡೆದ್ರೆ ಎಲ್ಲ ಮೊದಲಿನ ಹಾಗೇ. ಇದಕ್ಕೆ ರಾತ್ರಿ 2 ಗಂಟೆಗೆ ಜನಾನ ಎಬ್ಬಿಸಿ ತೀರ್ಮಾನ ಮಾಡೋದು ಯಾಕೆ ಅಂತ ನಂಗೆ ತಿಳೀಲಿಲ್ಲ. "ರದ್ದು" ಅಂತ ಬರೀರಿ, ಚಿಕ್ಕದು, ಎಲ್ಲರಿಗೂ ಗೊತ್ತು.

– ಮೈಸೂರು, ಬಿ.ಇ. ಓದ್ತಿದೀನಿ

---

ಪದ ಬಂದಿದ್ದು ಅಲ್ಲಿಂದಾನೇ ತಮ್ಮಾ, ಅದು ಸರಿ. ಆದ್ರೆ ನೀನು ಹೇಳಿದ್ದು COMMIT ಹೊಡೆದು ಬದಲಾವಣೇನ ಖಾಯಂ ಮಾಡೋ ತನಕ ಮಾತ್ರ ನಡೆಯತ್ತೆ. ಇವರು ಗಂಟೆಗಟ್ಟಲೆ ಡೇಟಾ ಏರಿಸ್ತಾರೆ, ಮಧ್ಯೆ ನೂರಾರು ಸಲ ಕಮಿಟ್ ಆಗಿರತ್ತೆ. ಅದೂ ಅಲ್ದೆ ವಾಪಸ್ ಹೋಗ್ಬೇಕಾಗಿರೋದು ಬರೀ ಟೇಬಲ್ ಅಲ್ಲ, ನಾಕು ಶಾಖೆಯ ಕೌಂಟರ್ ಕಂಪ್ಯೂಟರು, ಪಾಸ್‌ಬುಕ್ ಪ್ರಿಂಟರು, ಪಿಗ್ಮಿ ಏಜೆಂಟರ ಕೈಯಲ್ಲಿರೋ ಮೆಷಿನ್ನು, ಎಲ್ಲಾನೂ ಹಳೇದಕ್ಕೆ ತಿರುಗಿಸ್ಬೇಕು. "ರದ್ದು" ಅಂದ್ರಂತೂ ಸಂಘದವರು ಕಾಂಟ್ರಾಕ್ಟೇ ರದ್ದು ಅಂದ್ಕೊಳ್ತಾರೆ.

ಮೇಡಂ, ನಾನು ಈ ಥರದ ಕೆಲಸ ಸುಮಾರು ವರ್ಷದಿಂದ ಮಾಡ್ತಿದೀನಿ. ನನ್ನ ಕೇಳಿದ್ರೆ ಪದ ಹುಡುಕೋಕೆ ಮುಂಚೆ ಆ ಹೊತ್ತು ಎಲ್ಲಿಂದ ಬಂತು ಅಂತ ನೋಟೀಸಲ್ಲೇ ಬಿಡಿಸಿ ಹೇಳ್ಬೇಕು, ಆಗ ಪದ ತಾನಾಗೇ ಬರತ್ತೆ. ಹಳೇದಕ್ಕೆ ತಿರುಗಿಸೋಕೆ ರಿಹರ್ಸಲಲ್ಲಿ ಎಷ್ಟು ಹೊತ್ತು ಹಿಡೀತು? ಅದನ್ನ ಹೇಳಿ.

– ಬೆಂಗಳೂರು, ಡೇಟಾ ಸಾಗಿಸೋ ಕೆಲಸದವನು

---

ಸರ್, ತಿರುಗಿಸೋಕೆ 3 ಗಂಟೆ ಆಯ್ತು, ಆಮೇಲೆ ಹಳೇದರಲ್ಲಿ ಶಿಲ್ಕು ಸರಿ ಇದೆಯಾ ಅಂತ ನೋಡೋಕೆ 2 ಗಂಟೆ.

– ದಾವಣಗೆರೆಯಿಂದ

---

ಹಂಗಾದ್ರೆ ಹಿಂದಿಂದ ಎಣಿಸಿ. 10ಕ್ಕೆ ಕೌಂಟರ್, ಸಿಬ್ಬಂದಿ ಬರೋ 9ಕ್ಕೆ ಹಳೇದು ರೆಡಿ ಇರಬೇಕು. ಅದರಿಂದ 3 ಗಂಟೆ ಹಿಂದಕ್ಕೆ 6, ಶಿಲ್ಕು ನೋಡೋಕೆ 2 ಗಂಟೆ ಕಳೆದ್ರೆ 4, ಕರೆಂಟೋ ನೆಟ್ಟೋ ಕೈಕೊಟ್ರೆ ಅಂತ 2 ಗಂಟೆ ಇಟ್ಕೊಂಡ್ರೆ ರಾತ್ರಿ 2. ನಿಮ್ಮ ಲೆಕ್ಕ ಸರಿಯಾಗೇ ಇದೆ. ಆದ್ರೆ ಅದು ತೀರ್ಮಾನ ಮಾಡೋ ಹೊತ್ತಲ್ಲ, ಅದು ದಾಟಿದ್ರೆ ಮರಳೋ ದಾರಿ ಇಲ್ಲ ಅನ್ನೋ ಹೊತ್ತು. ಇವೆರಡೂ ಬೇರೆ ಬೇರೆ, ನೋಟೀಸಲ್ಲಿ ಎರಡೂ ಇರಬೇಕು. ತೀರ್ಮಾನಕ್ಕೆ ಭಾನುವಾರ ಸಂಜೆ 6ಕ್ಕೆ ಕೂರಿ, ಅಷ್ಟರಲ್ಲಿ ತಾಳೆ ನೋಡಿದ್ದು ಕೈಗೆ ಬಂದಿರತ್ತೆ, ಸೆಕ್ರೆಟರಿಯವರೂ ಎಚ್ಚರ ಇರ್ತಾರೆ. ಇನ್ನೇನೋ ಒಂದು ಬಾಕಿ ಇದೆ, ಸರಿ ಮಾಡ್ತೀವಿ ಅಂದ್ರೆ ರಾತ್ರಿ 2ರ ತನಕ ಕಾಯಬಹುದು, ಆಮೇಲೆ ಒಂದು ನಿಮಿಷಾನೂ ಇಲ್ಲ. ಮೊದಲನೇದಕ್ಕೆ "ತೀರ್ಮಾನದ ಹೊತ್ತು", ಎರಡನೇದಕ್ಕೆ "ಮರಳೋ ಗಡುವು" ಅನ್ನಿ.

ಇನ್ನೊಂದು ಮಾತು. ಸೋಮವಾರ 10 ಗಂಟೆಗೆ ಹೊಸದರಲ್ಲಿ ಮೊದಲನೇ ರಸೀದಿ ಹರಿದ ಮೇಲೆ "ಮರಳೋದು" ಅನ್ನೋ ಪದ ಬಳಸಲೇಬೇಡಿ. 11 ಗಂಟೆಗೆ ವಾಪಸ್ ಹೋಗ್ಬೇಕು ಅಂದ್ರೆ ಅಷ್ಟರಲ್ಲಿ ಕಟ್ಟಿಸಿಕೊಂಡ, ಕೊಟ್ಟ ಪ್ರತಿ ರಸೀದೀನೂ ಹಳೇದರಲ್ಲಿ ಕೈಯಿಂದ ಮತ್ತೆ ಬರೀಬೇಕು. ಅದು ಮರುನಮೂದು, ಬೇರೆಯದೇ ಕೆಲಸ, ಅದಕ್ಕೆ ಒಪ್ಪಿಗೆ ಕೊಡೋರೂ ಬೇರೆ.

– ಬೆಂಗಳೂರು

---

ನಮಸ್ಕಾರ್ರಿ. ನಾ ಸೊಸೈಟಿ ಕಾರ್ಯದರ್ಶಿ ಆಗಿ ರಿಟೈರ್ ಆದಾಂವ, ಕಂಪ್ಯೂಟರ್ ಅಷ್ಟಕ್ಕಷ್ಟ. ಆದ್ರ ಈ ಕೆಲಸ ನಮಗ ಹೊಸದೇನಲ್ಲರಿ. ಪ್ರತಿ ವರ್ಷ ಮಾರ್ಚ್ 31ಕ್ಕ ಹಳೇ ಲೆಡ್ಜರ್ ತುಂಬಿತಂದ್ರ ಹೊಸಾದ್ದು ತಗೀತಿದ್ವಿ, ಹಳೇದರ ಆಖೈರು ಶಿಲ್ಕು ಹೊಸಾದ್ರಾಗ ಆರಂಭ ಶಿಲ್ಕು ಆಗಿ ಕೂಡ್ತಿತ್ತು. ಒಬ್ಬಾಂವ ಓದಾಂವ, ಒಬ್ಬಾಂವ ಬರ್ಯಾಂವ, ಮೂರನೇದಾಂವ ಬಳ್ಳು ಇಟ್ಟು ತಾಳೆ ನೋಡಾಂವ. ಅದಕ್ಕ ನಾವು ಅನ್ನೂದು "ಶಿಲ್ಕು ಎಳಿಯೂದು". ದತ್ತಾಂಶ ವರ್ಗಾವಣೆ ಬಿಟ್ಟು ಅದನ್ನ ಬರೀರಿ, ಕ್ಲರ್ಕ್‌ಗೋಳಿಗೆ ಫಟ್ ಅಂತ ತಿಳೀತೈತಿ.

"ತಾಳೆ ಪಟ್ಟಿ" ಅಂತ ಮಾತ್ರ ಚೆಕ್‌ಲಿಸ್ಟಿಗೆ ಬರೀಬ್ಯಾಡ್ರಿ, ನಮ್ಮಲ್ಲಿ ಅದು ಟ್ರಯಲ್ ಬ್ಯಾಲೆನ್ಸು. ಮತ್ತ "ಸಭೆ" ಅಂದ್ರೂ ತೊಡಕು ಐತ್ರಿ. ಸಂಘದಾಗ ಸಭೆ ಅಂದ್ರ ಅಜೆಂಡಾ, ಕೋರಂ, ನಡಾವಳಿ ಪುಸ್ತಕ, ಸಹಿ. ನೀವು ಕರ್ದದ್ದು ಮಾತಾಡಾಕ, "ಮೀಟಿಂಗ್" ಅಂದ್ರ ಸಾಕು.

– ಧಾರವಾಡ

---

ರೈಲು ಟಿಕೆಟಲ್ಲಿ ನಮಗೂ ಇದೇ ಆಗಿದ್ದು. 00:15ರ ಗಾಡಿ, ಶನಿವಾರದ ದಿನಾಂಕ, ನಾವು ಶನಿವಾರ ಊಟ ಮುಗಿಸಿ ಆರಾಮಾಗಿ ಸ್ಟೇಷನ್ನಿಗೆ ಹೋದ್ವಿ, ಗಾಡಿ ಹಿಂದಿನ ರಾತ್ರೀನೇ ಹೋಗಿತ್ತು. ಅದಕ್ಕೆ ಎಲ್ಲ ಕಡೆ 24 ಗಂಟೆಯ ಗಡಿಯಾರ ಹಾಕ್ಬೇಕು ಅಂತ ನನ್ನ ಅಭಿಪ್ರಾಯ. ಕ್ಯಾನ್ಸಲ್ ಮಾಡಿದ್ರೆ ದುಡ್ಡು ವಾಪಸ್ ಬರೋದಕ್ಕೆ ಏನಂತಾರೆ ಅನ್ನೋದು ನಿಮ್ಮ ಪ್ರಶ್ನೆ ಆದ್ರೆ, "ಮರುಪಾವತಿ".

– ಶಿವಮೊಗ್ಗ

---

ಸರ್, ಪ್ರಶ್ನೆ ಮರುಪಾವತಿದಲ್ಲ, ಇರ್ಲಿ. ಆದ್ರೆ 24 ಗಂಟೆ ಗಡಿಯಾರದಿಂದ ಇದು ಬಗೆಹರಿಯಲ್ಲ, ನಿಮ್ಮ ಟಿಕೆಟಲ್ಲೂ 24 ಗಂಟೆಯ ಗಡಿಯಾರಾನೇ ಇತ್ತಲ್ಲ. ನಮ್ಮ ಮಾತಲ್ಲಿ ದಿನ ಹುಟ್ಟೋದು ಬೆಳಗಾದಾಗ. ನಿದ್ದೆ ಮಾಡಿ ಏಳೋ ತನಕ ಭಾನುವಾರ ರಾತ್ರಿ ಭಾನುವಾರದ್ದೇ, ಗಡಿಯಾರ ಏನಾದ್ರೂ ಹೇಳ್ಲಿ. ನಾನು ನರ್ಸ್, ನೈಟ್ ಡ್ಯೂಟಿ ರಿಜಿಸ್ಟರಲ್ಲಿ ಇದಕ್ಕೇ ನಾವು ಎರಡೂ ತಾರೀಖು ಬರೀತೀವಿ, 10/11 ಅಂತ. ನೀವೂ "ಭಾನುವಾರ ಕಳೆದು ಸೋಮವಾರ ಬೆಳಗಾಗೋ ರಾತ್ರಿ 2 ಗಂಟೆ" ಅಂತ ಉದ್ದಕ್ಕೇ ಬರೀರಿ.

ಆನ್‌ಕಾಲಿಗೆ ಪದ ಹುಡುಕಬೇಡಿ. ಆಸ್ಪತ್ರೇಲಿ ನಾವು "ಫಸ್ಟ್ ಕಾಲ್ ಯಾರು, ಸೆಕೆಂಡ್ ಕಾಲ್ ಯಾರು" ಅಂತೀವಿ, ಅಷ್ಟೇ. "ಲಭ್ಯವಿರುವವರು" ಅಂತ ಹತ್ತು ಹೆಸರು ಹಾಕಿದ್ರೆ ಎಲ್ಲರೂ ಇನ್ನೊಬ್ಬರು ಎತ್ತುತಾರೆ ಅಂತ ಮಲಗಿರ್ತಾರೆ. ಒಂದು ಕೆಲಸಕ್ಕೆ ಮೊದಲು ಇವರಿಗೆ, 10 ನಿಮಿಷ ಎತ್ತದಿದ್ರೆ ಇವರಿಗೆ, ಹಾಗೆ ಬರೀರಿ. ಹಿಂದಿನ ದಿನ ಆ ನಂಬರಿಗೆಲ್ಲ ಒಂದ್ಸಲ ಫೋನ್ ಮಾಡಿ ನೋಡಿ, ಸೈಲೆಂಟಲ್ಲಿ ಇಟ್ಟಿರ್ತಾರೆ.

– ಮಂಗಳೂರು

---

ಧಾರವಾಡದ ಸರ್, "ಶಿಲ್ಕು ಎಳೆಯೋದು" ಓದಿ ನಂಗೆ ತುಂಬ ಖುಷಿಯಾಯ್ತು, ಸೆಕ್ರೆಟರಿಯವರಿಗೆ ಫೋನಲ್ಲಿ ಹೇಳಿದ ತಕ್ಷಣ "ಅಯ್ಯೋ ಅಷ್ಟೇನಾ" ಅಂದ್ರು. ಆದ್ರೆ ಒಂದು ಅನುಮಾನ ಇದೆ. ರಿಹರ್ಸಲಲ್ಲಿ ಖಾತೆಗಳ ಎಣಿಕೆ ಸರಿ ಬಂತು, ಒಟ್ಟು ಶಿಲ್ಕು ಪೈಸೆ ಸಮೇತ ತಾಳೆ ಆಯ್ತು, ಎಲ್ಲ ಮುಗೀತು ಅಂತ ಪಾಸ್‌ಬುಕ್ ಹಾಕಿ ನೋಡಿದ್ರೆ ಹೆಸರಿನ ಜಾಗದಲ್ಲಿ ಹೀಗೆ:

```
PÀ£ÁðlPÀ
```

ಅದು "ಕರ್ನಾಟಕ". ಹಳೇದರಲ್ಲಿ ನುಡಿ ಫಾಂಟಲ್ಲಿ ತುಂಬಿದ್ದು, ಯೂನಿಕೋಡಿಗೆ ಬದಲಾಯಿಸ್ದೇ ಹಾಗೇ ಬಂದಿದೆ. ಬದಲಾಯಿಸಿದ ಮೇಲೂ ಅರ್ಕಾವತ್ತು ಇರೋ ಒಂದಷ್ಟು ಹೆಸರು ಕೆಟ್ಟಿತ್ತು, ಯಾಕಂದ್ರೆ ಅಲ್ಲಿ ಅರ್ಕಾವತ್ತು ಅಕ್ಷರ ಆದ ಮೇಲೆ ಬರತ್ತೆ, ಯೂನಿಕೋಡಲ್ಲಿ ರ್ ಮೊದಲೇ ಬರ್ಬೇಕು. ಇದನ್ನ ಯಾವ ಮೊತ್ತದ ತಾಳೆಯೂ ಹಿಡಿಯಲ್ಲ, ಕಣ್ಣಲ್ಲೇ ಓದ್ಬೇಕು.

– ದಾವಣಗೆರೆಯಿಂದ

---

ಅದೇ ನಾನು ಹೇಳೋಣ ಅಂತಿದ್ದೆ. ಶಿಲ್ಕು ಒಂದೇ ಅಲ್ಲ, ಸಾಲಕ್ಕೆ ಬಡ್ಡಿ ಎಲ್ಲಿ ತನಕ ಹಾಕಿದೆ ಅನ್ನೋ ತಾರೀಖು, ಜಾಮೀನುದಾರರು, ಠೇವಣಿ ಮುಗಿಯೋ ದಿನ, ಇವೂ ಜೊತೆಗೆ ಬರ್ಬೇಕು. ಬಡ್ಡಿ ತಾರೀಖು ತಪ್ಪಿದ್ರೆ ಸೋಮವಾರ ಎಲ್ಲ ಸರಿ ಕಾಣತ್ತೆ, ತಿಂಗಳ ಕೊನೇಲಿ ಬಡ್ಡಿ ಹಾಕಿದಾಗ ಬಯಲಾಗತ್ತೆ, ಆಗ ಮರಳೋ ದಾರಿ ಇರಲ್ಲ. "ಶಿಲ್ಕು ಎಳೆಯೋದು" ಅಂತ ಬರೆದ್ರೆ ಜನ ಶಿಲ್ಕು ಮಾತ್ರ ನೋಡಿ ಎದ್ದು ಹೋಗ್ತಾರೆ ಅನ್ನೋ ಭಯ ನಂದು. "ಲೆಕ್ಕ ಸಾಗಿಸೋದು" ಅನ್ನಿ.

– ಬೆಂಗಳೂರು

---

ಒಪ್ಪಂಗಿಲ್ರಿ. ನಮ್ಮ ಕಾಲದಾಗೂ ಶಿಲ್ಕು ಎಳಿಯೂ ಮುಂದ ಬಡ್ಡಿ ತಾರೀಖು ಪಕ್ಕದ ಕಾಲಮಿನ್ಯಾಗ ಬರದ ಬರೀತಿದ್ವಿ. ಆ ಮಾತಿನ್ಯಾಗ ಅದೂ ಬಂತು. ಕಲಿಸಿದವ್ರು ಹಂಗ ಕಲಿಸಿದ್ರು.

– ಧಾರವಾಡ

---

ಎಲ್ಲರಿಗೂ ಧನ್ಯವಾದ. ಇವತ್ತು ಕಳಿಸಿದ ನೋಟೀಸ್ ಇದು:

"ಹಳೇ ಕಂಪ್ಯೂಟರ್ ಲೆಕ್ಕವನ್ನು ಹೊಸದಕ್ಕೆ ಸಾಗಿಸುವ ಬಗ್ಗೆ ಬುಧವಾರ ಮಧ್ಯಾಹ್ನ 3ಕ್ಕೆ ಮೀಟಿಂಗ್. ಪ್ರತಿ ಶಾಖೆಯವರು ತಾವು ನೋಡಬೇಕಾದ ಬಾಬ್ತುಗಳ ಪಟ್ಟಿ ತರಬೇಕು: ಖಾತೆ ಎಣಿಕೆ, ಶಿಲ್ಕು, ಬಡ್ಡಿ ತಾರೀಖು, ಮತ್ತು 50 ಪಾಸ್‌ಬುಕ್ಕಿನ ಹೆಸರು ಕಣ್ಣಾರೆ ಓದುವುದು. ಹೊಸದೋ ಹಳೇದೋ ಎಂಬ ತೀರ್ಮಾನದ ಹೊತ್ತು ಭಾನುವಾರ ಸಂಜೆ 6, ಹೇಳುವವರು ಕಾರ್ಯದರ್ಶಿಯವರೊಬ್ಬರೇ. ಹಳೇದಕ್ಕೆ ಮರಳುವ ಗಡುವು ಭಾನುವಾರ ಕಳೆದು ಸೋಮವಾರ ಬೆಳಗಾಗುವ ರಾತ್ರಿ 2. ಫಸ್ಟ್ ಕಾಲ್, ಸೆಕೆಂಡ್ ಕಾಲ್ ನಂಬರ್ ಹಿಂಬದಿಯಲ್ಲಿದೆ."

ಕ್ಯಾಷಿಯರ್ ಮೇಡಂ ಓದಿ, ರಾತ್ರಿ 2ರ ತನಕ ಶಾಖೇಲಿ ಯಾರು ಕೂರ್ತಾರೆ, ಬೀಗದ ಕೈ ಯಾರ ಹತ್ರ ಇರತ್ತೆ ಅಂತ ಕೇಳಿದ್ರು. ಅದು ನನ್ನ ಪಟ್ಟೀಲಿ ಇರ್ಲಿಲ್ಲ, ಸೇರಿಸಿದೆ. ಕಟೋವರ್ ಅನ್ನೋ ಆ ಒಂದು ರಾತ್ರಿಗೆ ಮಾತ್ರ ಇನ್ನೂ ಒಂದು ಪದ ಸಿಕ್ಕಿಲ್ಲ, ಸದ್ಯಕ್ಕೆ ಎಲ್ಲರೂ "ಆ ಭಾನುವಾರ" ಅಂತಿದಾರೆ. ಯಾರಿಗಾದ್ರೂ ಹೊಳೆದ್ರೆ ಬರೀರಿ.

– ದಾವಣಗೆರೆಯಿಂದ