ಅಪ್‌ಡೇಟ್: ಅಪ್ಪನ ಆಸ್ಪತ್ರೆ ಬಿಲ್

ನನ್ನ ಪ್ರಶ್ನೆ: “ಕುಂಬಳೆಯವನು. ಅಪ್ಪನ ಮಂಗಳೂರಿನ ಬಿಲ್ 4,20,000. ಪಾಲಿಸಿ 5 ಲಕ್ಷದ್ದು, ಆದರೂ 2,62,500 ಮಾತ್ರ ಪಾಸ್. ಉಳಿದದ್ದಕ್ಕೆ ಎಫ್‌ಡಿ ಮುರಿಯಲೇ?”

ಮುರಿಯಲಿಲ್ಲ. ಪಾಲಿಸಿಯಲ್ಲಿ ರೂಮ್ ಬಾಡಿಗೆ ಮಿತಿ ದಿನಕ್ಕೆ 5,000, ನಾವಿದ್ದದ್ದು 8,000ದ ರೂಮಿನಲ್ಲಿ. ಅದಕ್ಕೇ ಇಡೀ ಬಿಲ್ಲನ್ನು ಎಂಟರಲ್ಲಿ ಐದು ಪಾಲಿಗೆ ಇಳಿಸಿದ್ದರು. ಆದರೆ ಔಷಧಿ, ಇಂಪ್ಲಾಂಟ್, ಟೆಸ್ಟುಗಳಿಗೆ ಈ ಕಡಿತ ಹಾಕುವಂತಿಲ್ಲ. ವಿಮೆ ಕಂಪನಿಗಳ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ 2020ರಲ್ಲೇ ಹೇಳಿದೆ. ನಮ್ಮಲ್ಲಿ ಅವೇ 1,80,000. ಬಿಡಿಬಿಡಿಯಾದ ಬಿಲ್ ತೆಗೆದುಕೊಂಡು ವಿಮೆ ಡೆಸ್ಕಿನಿಂದ ಮತ್ತೆ ಕಳಿಸಿದೆವು. ಉಳಿದ 2,40,000ಕ್ಕೆ ಮಾತ್ರ ಕಡಿತವಾಗಿ ಒಟ್ಟು 3,30,000 ಪಾಸಾಯಿತು.

ಬಾಕಿ 90,000. ಉಳಿತಾಯ ಖಾತೆಯಿಂದ 40,000 ಕಟ್ಟಿ, ಮಿಕ್ಕಿದ್ದಕ್ಕೆ ಎಫ್‌ಡಿ ಮೇಲೆಯೇ ಸಾಲ ತೆಗೆದೆ. ಬಡ್ಡಿ ಎಫ್‌ಡಿಗಿಂತ ಸ್ವಲ್ಪ ಜಾಸ್ತಿ ಅಷ್ಟೆ. ಕಾರ್ಡ್ ಇಎಂಐ ಬೇಡ ಅನಿಸಿತು. ಅಡಿಕೆ ದುಡ್ಡು ಬಂದಾಗ ಸಾಲ ತೀರಿಸುತ್ತೇನೆ.